ಬಂಡವಾಳದ ಬೆಲೆ: ಸಾಲ, ಆದ್ಯತಾ ಷೇರು, ಈಕ್ವಿಟಿಯ ಒಟ್ಟು ಲೆಕ್ಕ

ಒಂದು ಕಂಪನಿ ದುಡಿಸುವ ಹಣ ಒಂದೇ ಕಡೆಯಿಂದ ಬರುವುದಿಲ್ಲ. ಒಂದಿಷ್ಟು ಬ್ಯಾಂಕಿನ ಸಾಲ, ಒಂದಿಷ್ಟು ಆದ್ಯತಾ ಷೇರುದಾರರ ಹಣ, ಉಳಿದದ್ದು ಸಾಮಾನ್ಯ ಷೇರುದಾರರ ಹಣ, ಅಂದರೆ ಈಕ್ವಿಟಿ. ಹಣ ಕೊಟ್ಟ ಮೂವರೂ ಪ್ರತಿಫಲ ಬಯಸುತ್ತಾರೆ. ಮೂವರು ಬಯಸುವ ದರ ಬೇರೆ ಬೇರೆ. ಈ ಮೂರು ದರಗಳನ್ನು, ಆಯಾ ಹಣ ಒಟ್ಟು ಬಂಡವಾಳದಲ್ಲಿ ಎಷ್ಟು ಪಾಲು ಎಂಬುದಕ್ಕೆ ತಕ್ಕಂತೆ ಕೂಡಿಸಿದಾಗ ಸಿಗುವ ಒಂದೇ ದರವನ್ನು ತೂಕಿತ ಸರಾಸರಿ ಬಂಡವಾಳ ವೆಚ್ಚ ಎನ್ನುತ್ತಾರೆ. ಲೆಕ್ಕಪರಿಶೋಧಕರ ಮತ್ತು ಬ್ಯಾಂಕಿನವರ ಬಾಯಲ್ಲಿ ಇದು ಚಿಕ್ಕದಾಗಿ ‘ವ್ಯಾಕ್’.

ತೂಕಿತ ಸರಾಸರಿ ಎಂದರೇನು ಎಂಬುದಕ್ಕೆ ಕಾಫಿಪುಡಿ ಅಂಗಡಿಯ ಲೆಕ್ಕವೇ ಸಾಕು. ಕಾಫಿಪುಡಿ ಕಿಲೋಗೆ 800 ರೂಪಾಯಿ, ಚಿಕೋರಿ 300 ರೂಪಾಯಿ ಎಂದಿಟ್ಟುಕೊಂಡರೆ, 80ಕ್ಕೆ 20ರಂತೆ ಬೆರೆಸಿದ ಪುಡಿಯ ಬೆಲೆ 550 ರೂಪಾಯಿ ಆಗುವುದಿಲ್ಲ, 700 ಆಗುತ್ತದೆ. ಹೆಚ್ಚು ಬಿದ್ದ ಪದಾರ್ಥ ಬೆಲೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಬಂಡವಾಳದ ಮಿಶ್ರಣದಲ್ಲೂ ನಡೆಯುವುದು ಇದೇ. ಒಂದು ವ್ಯತ್ಯಾಸ ಮಾತ್ರ ಇದೆ: ಮೂರು ಪದಾರ್ಥಗಳಲ್ಲಿ ಒಂದಾದ ಸಾಲದ ಬೆಲೆಯಲ್ಲಿ ಸ್ವಲ್ಪ ಭಾಗವನ್ನು ತೆರಿಗೆ ಕಾನೂನು ಕಂಪನಿಗೆ ಬಿಟ್ಟುಕೊಡುತ್ತದೆ. ಉಳಿದೆರಡಕ್ಕೆ ಆ ರಿಯಾಯಿತಿ ಇಲ್ಲ. ವ್ಯಾಕ್ ಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಬಹಳಷ್ಟು ಈ ವ್ಯತ್ಯಾಸವನ್ನು ಸರಿಯಾಗಿ ಹಿಡಿಯದೆ ಆಗುವಂಥವು.

ಉದಾಹರಣೆಗೆ ಒಂದು ಕಾರ್ಖಾನೆ

ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳಬಹುದು. ಅದಕ್ಕೆ ಬ್ಯಾಂಕಿನಿಂದ ಶೇ 10 ಬಡ್ಡಿಯ 40 ಕೋಟಿ ರೂಪಾಯಿ ಅವಧಿ ಸಾಲವಿದೆ. 100 ರೂಪಾಯಿ ಮುಖಬೆಲೆಯ, ವರ್ಷಕ್ಕೆ 10 ರೂಪಾಯಿ ಲಾಭಾಂಶದ ಆದ್ಯತಾ ಷೇರುಗಳು 10 ಕೋಟಿ ರೂಪಾಯಿಯಷ್ಟಿವೆ. ಜೊತೆಗೆ 50 ಲಕ್ಷ ಈಕ್ವಿಟಿ ಷೇರುಗಳಿದ್ದು, ಪೇಟೆಯಲ್ಲಿ ಒಂದರ ಬೆಲೆ 100 ರೂಪಾಯಿ. ಅಂದರೆ ಪೇಟೆಯ ಲೆಕ್ಕದಲ್ಲಿ ಈಕ್ವಿಟಿಯ ಮೌಲ್ಯ 50 ಕೋಟಿ. ಒಟ್ಟು ಬಂಡವಾಳ 100 ಕೋಟಿ ರೂಪಾಯಿ.

ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಕಂಪನಿಯ ವಾರ್ಷಿಕ ಲಾಭ 13 ಕೋಟಿ. ತೆರಿಗೆ ದರ ಶೇ 25.168. ಈ ದರ ಕಲ್ಪಿತವಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೇಶೀಯ ಕಂಪನಿಗಳಿಗೆ ಕೊಟ್ಟ ಆಯ್ಕೆಯಲ್ಲಿ ಮೂಲ ತೆರಿಗೆ ಶೇ 22. ಅದರ ಮೇಲೆ ಶೇ 10 ಸರ್ಚಾರ್ಜ್, ಎರಡೂ ಸೇರಿದ ಮೊತ್ತದ ಮೇಲೆ ಶೇ 4 ಸೆಸ್. ಎಲ್ಲ ಸೇರಿ ಶೇ 25.168. ಇದನ್ನು ಆರಿಸಿಕೊಂಡ ಕಂಪನಿ ಹಲವು ವಿಶೇಷ ವಿನಾಯಿತಿಗಳನ್ನು ಬಿಟ್ಟುಕೊಡಬೇಕು. ಆದರೆ ವ್ಯವಹಾರಕ್ಕಾಗಿ ತಂದ ಸಾಲದ ಬಡ್ಡಿಯನ್ನು ಖರ್ಚೆಂದು ತೋರಿಸುವ ಹಕ್ಕು ಉಳಿಯುತ್ತದೆ.

ಸಾಲ: ಬಡ್ಡಿಯಲ್ಲಿ ತೆರಿಗೆಯ ಪಾಲು

ಕಂಪನಿ ವರ್ಷಕ್ಕೆ ಕಟ್ಟುವ ಬಡ್ಡಿ 4 ಕೋಟಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಇದು ಕಚ್ಚಾಮಾಲು, ಸಂಬಳ, ವಿದ್ಯುತ್ ಬಿಲ್ಲುಗಳಂತೆಯೇ ಒಂದು ಖರ್ಚು. ಆದ್ದರಿಂದ ತೆರಿಗೆ ಬೀಳುವುದು 13 ಕೋಟಿಯ ಮೇಲಲ್ಲ, ಬಡ್ಡಿ ಕಳೆದು ಉಳಿದ 9 ಕೋಟಿಯ ಮೇಲೆ. ಅದರ ತೆರಿಗೆ ಸುಮಾರು 2 ಕೋಟಿ 26 ಲಕ್ಷ. ಸಾಲವೇ ಇಲ್ಲದೆ ಇಡೀ 13 ಕೋಟಿಯ ಮೇಲೆ ತೆರಿಗೆ ಬಿದ್ದಿದ್ದರೆ ಸುಮಾರು 3 ಕೋಟಿ 27 ಲಕ್ಷ ಕಟ್ಟಬೇಕಾಗುತ್ತಿತ್ತು. ಎರಡರ ನಡುವಿನ ಅಂತರ 1 ಕೋಟಿ 67 ಸಾವಿರದ 200 ರೂಪಾಯಿ. 4 ಕೋಟಿಯನ್ನು ಶೇ 25.168ರಿಂದ ಗುಣಿಸಿದರೂ ಬರುವುದು ಇದೇ ಮೊತ್ತ. ಬಡ್ಡಿ ಕಟ್ಟಿದ ಕಾರಣಕ್ಕೇ ಉಳಿದ ಈ ತೆರಿಗೆಗೆ ಟ್ಯಾಕ್ಸ್ ಶೀಲ್ಡ್ ಎಂಬ ಹೆಸರಿದೆ. ಬಡ್ಡಿ ಗುರಾಣಿಯಂತೆ ಅಡ್ಡ ನಿಂತು ಲಾಭದ ಒಂದು ಭಾಗಕ್ಕೆ ತೆರಿಗೆ ತಾಕದಂತೆ ಮಾಡುತ್ತದೆ.

ಹೀಗಾಗಿ ಬ್ಯಾಂಕಿಗೆ ಹೋದದ್ದು 4 ಕೋಟಿಯಾದರೂ ಕಂಪನಿಯ ಕಿಸೆಯಿಂದ ನಿಜವಾಗಿ ಹೋದದ್ದು 3 ಕೋಟಿಗೆ ಸ್ವಲ್ಪ ಕಡಿಮೆ. 40 ಕೋಟಿ ಸಾಲಕ್ಕೆ ಅದನ್ನು ಹೋಲಿಸಿದರೆ ಶೇ 7.48. ಸೂತ್ರವಾಗಿ ಹೇಳುವುದಾದರೆ, ಬಡ್ಡಿ ದರವನ್ನು 1ರಿಂದ ತೆರಿಗೆ ದರ ಕಳೆದು ಉಳಿದ ಸಂಖ್ಯೆಯಿಂದ ಗುಣಿಸಬೇಕು: ಶೇ 10 × 0.74832. ತೆರಿಗೆಯ ನಂತರದ ಸಾಲದ ವೆಚ್ಚ ಎಂದರೆ ಇದೇ.

ಇಲ್ಲಿ ಬಳಸಬೇಕಾದ ಬಡ್ಡಿ ದರ ಯಾವುದು ಎಂಬ ಪ್ರಶ್ನೆಯೂ ಇದೆ. ಐದು ವರ್ಷದ ಹಿಂದೆ ಶೇ 8ಕ್ಕೆ ಸಾಲ ಸಿಕ್ಕಿತ್ತು ಎಂಬುದು ಇಂದಿನ ನಿರ್ಧಾರಕ್ಕೆ ನೆರವಾಗದು. ಅದೇ ಕಂಪನಿ, ಅದೇ ಅವಧಿಗೆ ಇಂದು ಸಾಲ ಕೇಳಿದರೆ ಬ್ಯಾಂಕು ಎಷ್ಟು ಬಡ್ಡಿ ಹೇಳುತ್ತದೆಯೋ ಅದೇ ಸರಿಯಾದ ದರ. ಬಂಡವಾಳದ ವೆಚ್ಚ ಎಂಬುದು ಹಿಂದೆ ಕಟ್ಟಿದ ಬಿಲ್ಲಿನ ಲೆಕ್ಕವಲ್ಲ, ಮುಂದೆ ಗಳಿಸಲೇಬೇಕಾದ ಪ್ರತಿಫಲದ ಲೆಕ್ಕ.

ಆದ್ಯತಾ ಷೇರು: ಸಾಲದಂತೆ ಕಂಡರೂ ಸಾಲವಲ್ಲ

ಆದ್ಯತಾ ಷೇರು ಹೊರನೋಟಕ್ಕೆ ಸಾಲದ ಹಾಗೆಯೇ ಇರುತ್ತದೆ. ಲಾಭಾಂಶದ ದರ ಮೊದಲೇ ಗೊತ್ತು, ಹಣ ಮರಳಿಸುವ ದಿನವೂ ಗೊತ್ತು. ಭಾರತದಲ್ಲಿ 2013ರ ಕಂಪನಿ ಕಾಯ್ದೆಯ ಪ್ರಕಾರ ಎಂದೂ ಮರಳಿಸದ ಆದ್ಯತಾ ಷೇರುಗಳನ್ನು ಹೊರಡಿಸುವಂತಿಲ್ಲ. ಕೆಲವು ಮೂಲಸೌಕರ್ಯ ಯೋಜನೆಗಳನ್ನು ಬಿಟ್ಟರೆ 20 ವರ್ಷದೊಳಗೆ ಹಣ ಮರಳಿಸಲೇಬೇಕು. ಆದರೂ ಕಾನೂನಿನ ಕಣ್ಣಿಗೆ ಇದು ಷೇರು ಬಂಡವಾಳ. ಇದಕ್ಕೆ ಕೊಡುವುದು ಬಡ್ಡಿಯಲ್ಲ, ಲಾಭಾಂಶ. ಲಾಭಾಂಶ ಖರ್ಚಿನ ಪಟ್ಟಿಗೆ ಸೇರುವುದಿಲ್ಲ. ತೆರಿಗೆ ಕಟ್ಟಿ ಉಳಿದ ಲಾಭದಲ್ಲಿ ಹಂಚಿದ ಪಾಲು ಅದು. ಆದ್ದರಿಂದ ಇಲ್ಲಿ ಟ್ಯಾಕ್ಸ್ ಶೀಲ್ಡ್ ಎಂಬುದೇ ಇಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ರೂಪಾಯಿಯಲ್ಲಿ ನೋಡಬಹುದು. ಆದ್ಯತಾ ಷೇರುದಾರರಿಗೆ 1 ಕೋಟಿ ಕೊಡಬೇಕಾದರೆ ಕಂಪನಿ ತೆರಿಗೆಗೆ ಮುಂಚೆ ಸುಮಾರು 1 ಕೋಟಿ 34 ಲಕ್ಷ ಗಳಿಸಿರಬೇಕು. ಅದರಲ್ಲಿ 34 ಲಕ್ಷ ತೆರಿಗೆಗೆ ಹೋಗುತ್ತದೆ. ಬ್ಯಾಂಕಿಗೆ 1 ಕೋಟಿ ಬಡ್ಡಿ ಕಟ್ಟಲು 1 ಕೋಟಿ ಗಳಿಸಿದ್ದರೆ ಸಾಕು. ಎರಡಕ್ಕೂ ಶೇ 10 ಎಂಬ ಒಂದೇ ಅಂಕಿ ಬರೆದಿದ್ದರೂ ಭಾರ ಒಂದೇ ಅಲ್ಲ.

ಆದ್ಯತಾ ಷೇರಿನ ವೆಚ್ಚ ಕಂಡುಹಿಡಿಯುವಾಗ ಲಾಭಾಂಶದ ಜೊತೆ ಇನ್ನೊಂದು ಅಂಶ ಸೇರುತ್ತದೆ. ಉದಾಹರಣೆಯ ಕಂಪನಿ ಈ ಷೇರುಗಳನ್ನು ಈಗ ಹೊರಡಿಸಿದರೆ ಖರ್ಚು ಕಳೆದು ಪ್ರತಿ ಷೇರಿಗೆ ಕೈಗೆ ಬರುವುದು 97 ರೂಪಾಯಿ, ಹತ್ತು ವರ್ಷದ ಕೊನೆಗೆ ಮರಳಿಸಬೇಕಾದದ್ದು 100 ರೂಪಾಯಿ ಎಂದುಕೊಳ್ಳೋಣ. ಕೊರತೆ ಬಿದ್ದ 3 ರೂಪಾಯಿಯೂ ವೆಚ್ಚವೇ. ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 30 ಪೈಸೆ. ಲಾಭಾಂಶದ 10 ರೂಪಾಯಿಗೆ ಅದನ್ನು ಸೇರಿಸಿ, 97 ಮತ್ತು 100ರ ಸರಾಸರಿಯಾದ 98.50ರಿಂದ ಭಾಗಿಸಿದರೆ ಸುಮಾರು ಶೇ 10.46 ಸಿಗುತ್ತದೆ. ಇದು ಕೈಲೆಕ್ಕದ ಅಂದಾಜು. ಎಕ್ಸೆಲ್‌ನಲ್ಲಿ ನಿಖರವಾಗಿ ತಿಳಿಯಲು ಒಂದು ಸಾಲು ಸಾಕು:

```
=RATE(10,10,-97,100)
```

ಉತ್ತರ ಶೇ 10.50. ಇದನ್ನು ತೆರಿಗೆಯಿಂದ ಇಳಿಸುವಂತಿಲ್ಲ. ಇದ್ದ ಹಾಗೆಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದು ಕಾಲದಲ್ಲಿ ಲಾಭಾಂಶದ ಭಾರ ಇದಕ್ಕಿಂತಲೂ ಹೆಚ್ಚಿತ್ತು. ಲಾಭಾಂಶ ಹಂಚುವ ಕಂಪನಿಯೇ ಅದರ ಮೇಲೆ ಪ್ರತ್ಯೇಕ ತೆರಿಗೆ ಕಟ್ಟುವ ಪದ್ಧತಿ 1997ರಲ್ಲಿ ಬಂದಿತ್ತು. ಅದರ ಕೊನೆಯ ವರ್ಷಗಳಲ್ಲಿ 10 ರೂಪಾಯಿ ಲಾಭಾಂಶ ಕೊಡಲು ಕಂಪನಿಗೆ 12 ರೂಪಾಯಿ ದಾಟುತ್ತಿತ್ತು. 2020ರ ಏಪ್ರಿಲ್ 1ರಿಂದ ಆ ತೆರಿಗೆ ಹೋಗಿ, ಲಾಭಾಂಶ ಪಡೆದವರೇ ತಮ್ಮ ಆದಾಯದಲ್ಲಿ ಅದನ್ನು ತೋರಿಸಿ ತೆರಿಗೆ ಕಟ್ಟುವ ವ್ಯವಸ್ಥೆ ಬಂತು. ಹಳೆಯ ಪಠ್ಯಪುಸ್ತಕಗಳ ಲೆಕ್ಕಗಳಲ್ಲಿ ಆದ್ಯತಾ ಷೇರಿನ ವೆಚ್ಚಕ್ಕೆ ಈ ತೆರಿಗೆಯನ್ನು ಸೇರಿಸಿರುವುದು ಅದಕ್ಕೇ. ಈಗ ಅದನ್ನು ಸೇರಿಸಬೇಕಿಲ್ಲ.

ಈಕ್ವಿಟಿ: ಬಿಲ್ಲು ಬಾರದ ವೆಚ್ಚ

ಈಕ್ವಿಟಿ ಷೇರುದಾರನಿಗೆ ಇಂತಿಷ್ಟೇ ಕೊಡುತ್ತೇವೆ ಎಂಬ ಮಾತನ್ನು ಕಂಪನಿ ಎಲ್ಲೂ ಬರೆದುಕೊಟ್ಟಿರುವುದಿಲ್ಲ. ಹೀಗಾಗಿ ಅವನ ಹಣ ಬಿಟ್ಟಿ ಎಂಬ ಭಾವನೆ ಸುಲಭವಾಗಿ ಹುಟ್ಟುತ್ತದೆ. ಹಂಚದೆ ಉಳಿಸಿಕೊಂಡ ಲಾಭದ ಬಗ್ಗೆಯಂತೂ ಈ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಆದರೆ ಆ ಲಾಭ ಷೇರುದಾರನದೇ ಹಣ. ಅದನ್ನು ಅವನ ಕೈಗೆ ಕೊಟ್ಟಿದ್ದರೆ ಅವನು ಅಷ್ಟೇ ಅಪಾಯವಿರುವ ಬೇರೊಂದು ಕಂಪನಿಯಲ್ಲಿ ತೊಡಗಿಸಿ ಪ್ರತಿಫಲ ಪಡೆಯುತ್ತಿದ್ದ. ಅವನು ಹೀಗೆ ಬಿಟ್ಟುಕೊಟ್ಟ ಪ್ರತಿಫಲವೇ ಈಕ್ವಿಟಿಯ ವೆಚ್ಚ. ಮೂವರಲ್ಲಿ ಎಲ್ಲರಿಗಿಂತ ಕೊನೆಗೆ ಹಣ ಸಿಗುವುದು ಇವನಿಗೆ. ಬ್ಯಾಂಕಿನ ಬಡ್ಡಿ, ಸರ್ಕಾರದ ತೆರಿಗೆ, ಆದ್ಯತಾ ಲಾಭಾಂಶ ಎಲ್ಲ ಮುಗಿದು ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಅಪಾಯ ಹೊತ್ತುಕೊಂಡದ್ದಕ್ಕೆ ಅವನು ಬಯಸುವ ದರವೂ ಎಲ್ಲಕ್ಕಿಂತ ಹೆಚ್ಚು.

ಕಣ್ಣಿಗೆ ಕಾಣದ ಈ ದರವನ್ನು ಅಂದಾಜು ಮಾಡಲು ಎರಡು ದಾರಿಗಳು ಬಳಕೆಯಲ್ಲಿವೆ. ಮೊದಲನೆಯದು ಲಾಭಾಂಶದ ದಾರಿ. ಇದು ಮೈರನ್ ಗಾರ್ಡನ್ ಅವರ ಹೆಸರಿನಲ್ಲಿ ಪ್ರಸಿದ್ಧ. ಉದಾಹರಣೆಯ ಕಂಪನಿ ಮುಂದಿನ ವರ್ಷ ಷೇರಿಗೆ 7 ರೂಪಾಯಿ ಲಾಭಾಂಶ ಕೊಡುವ ನಿರೀಕ್ಷೆಯಿದೆ, ಅದು ವರ್ಷಕ್ಕೆ ಶೇ 8ರಂತೆ ಬೆಳೆಯುತ್ತದೆ ಎಂದುಕೊಂಡರೆ, 100 ರೂಪಾಯಿ ಕೊಟ್ಟು ಷೇರು ಕೊಳ್ಳುವವನು ನಿರೀಕ್ಷಿಸುತ್ತಿರುವುದು ಶೇ 7 ಮತ್ತು ಶೇ 8 ಕೂಡಿ ಶೇ 15. ಎರಡನೆಯದು ಅಪಾಯದ ದಾರಿ. ವಿಲಿಯಂ ಶಾರ್ಪ್ 1964ರಲ್ಲಿ ಪ್ರಕಟಿಸಿದ ಬರಹದಿಂದ ಬೆಳೆದ ವಿಧಾನ ಇದು. ಸರ್ಕಾರಿ ಬಾಂಡಿನ ಪ್ರತಿಫಲ ಶೇ 7, ಇಡೀ ಷೇರುಪೇಟೆಯಲ್ಲಿ ಹಣ ಹಾಕುವವರು ಅದರ ಮೇಲೆ ಬಯಸುವ ಹೆಚ್ಚುವರಿ ಶೇ 7, ಪೇಟೆಯ ಏರಿಳಿತಕ್ಕೆ ಹೋಲಿಸಿದರೆ ಈ ಷೇರಿನ ಏರಿಳಿತವನ್ನು ಅಳೆಯುವ ಬೀಟಾ 1.2 ಎಂದು ಹಿಡಿದರೆ, 7ಕ್ಕೆ 1.2 ಪಟ್ಟು 7 ಕೂಡಿಸಿ ಶೇ 15.4.

ಎರಡು ದಾರಿಗಳ ಉತ್ತರ ಒಂದೇ ಆಗಿಲ್ಲ, ಆದರೆ ಹತ್ತಿರವಿದೆ. ಒಂದು ಶೇ 11, ಇನ್ನೊಂದು ಶೇ 18 ಎಂದು ಬಂದಿದ್ದರೆ ಬೆಳವಣಿಗೆಯ ಊಹೆಯೋ ಬೀಟಾವೋ ತಪ್ಪಿದೆ ಎಂದು ಅನುಮಾನಿಸಬೇಕಾಗುತ್ತಿತ್ತು. ಇಲ್ಲಿ ಶೇ 15 ಎಂದು ಇಟ್ಟುಕೊಳ್ಳಬಹುದು. ಆದ್ಯತಾ ಷೇರಿನಂತೆ ಇದಕ್ಕೂ ತೆರಿಗೆಯ ರಿಯಾಯಿತಿ ಇಲ್ಲ.

ಪಾಲು ಅಳೆಯುವುದು ಯಾವ ಬೆಲೆಯಲ್ಲಿ?

ಮೂರು ದರಗಳು ಸಿಕ್ಕವು. ಇನ್ನು ಪಾಲು. ಪೇಟೆಯ ಮೌಲ್ಯದಲ್ಲಿ ಸಾಲ ಶೇ 40, ಆದ್ಯತಾ ಷೇರು ಶೇ 10, ಈಕ್ವಿಟಿ ಶೇ 50. ಹೀಗಾಗಿ ಒಟ್ಟು ಲೆಕ್ಕ:

```
=40%*10%*(1-25.168%)+10%*10.5%+50%*15%
```

ಸಾಲದಿಂದ 2.99, ಆದ್ಯತಾ ಷೇರಿನಿಂದ 1.05, ಈಕ್ವಿಟಿಯಿಂದ 7.50. ಒಟ್ಟು ಶೇ 11.54. ತೆರಿಗೆಯ ರಿಯಾಯಿತಿಯನ್ನು ಮರೆತು ಸಾಲಕ್ಕೂ ಪೂರ್ತಿ ಶೇ 10 ಹಾಕಿದ್ದರೆ ಶೇ 12.55 ಬರುತ್ತಿತ್ತು. ಅಂದರೆ ಇಡೀ 100 ಕೋಟಿ ಬಂಡವಾಳದ ಮೇಲೆ ಟ್ಯಾಕ್ಸ್ ಶೀಲ್ಡ್ ಇಳಿಸಿದ ಭಾರ ಸರಿಸುಮಾರು ಶೇಕಡಾ ಒಂದು ಅಂಶ, ರೂಪಾಯಿಯಲ್ಲಿ ವರ್ಷಕ್ಕೆ ಸುಮಾರು 1 ಕೋಟಿ. ಮೊದಲು ತೆರಿಗೆಯಲ್ಲಿ ಉಳಿದಿದ್ದ ಮೊತ್ತವೂ ಅಷ್ಟೇ.

ಈಗ ಅದೇ ಕಂಪನಿಯ ಬ್ಯಾಲೆನ್ಸ್ ಶೀಟ್ ತೆರೆದರೆ ಬೇರೆ ಚಿತ್ರ ಕಾಣುತ್ತದೆ. ಈಕ್ವಿಟಿ ಷೇರಿನ ಮುಖಬೆಲೆ 10 ರೂಪಾಯಿ. ಷೇರು ಬಂಡವಾಳ 5 ಕೋಟಿ, ಕೂಡಿಟ್ಟ ಮೀಸಲು 25 ಕೋಟಿ, ಒಟ್ಟು 30 ಕೋಟಿ ಎಂದಷ್ಟೇ ಅಲ್ಲಿ ಬರೆದಿದೆ. ಆ ಲೆಕ್ಕದಲ್ಲಿ ಒಟ್ಟು ಬಂಡವಾಳ 80 ಕೋಟಿ; ಸಾಲದ ಪಾಲು ಶೇ 50ಕ್ಕೆ ಏರುತ್ತದೆ, ಈಕ್ವಿಟಿ ಶೇ 37.5ಕ್ಕೆ ಇಳಿಯುತ್ತದೆ. ವ್ಯಾಕ್ ಶೇ 10.68 ಆಗುತ್ತದೆ. ಅಗ್ಗದ ಸಾಲಕ್ಕೆ ಹೆಚ್ಚು ತೂಕ ಸಿಕ್ಕಿ ಸರಾಸರಿ ಇಳಿದಿದೆ, ಅಷ್ಟೇ. ಕಂಪನಿಯ ಬಂಡವಾಳವೇನೂ ಅಗ್ಗವಾಗಿಲ್ಲ.

ಸರಿಯಾದದ್ದು ಪೇಟೆಯ ಮೌಲ್ಯ. ಇಂದು 100 ರೂಪಾಯಿ ಬೆಲೆಬಾಳುವ ಷೇರನ್ನು ಕೈಯಲ್ಲಿಟ್ಟುಕೊಂಡವನು ಶೇ 15 ಬಯಸುವುದು ಆ 100 ರೂಪಾಯಿಯ ಮೇಲೆಯೇ, ಪುಸ್ತಕದಲ್ಲಿರುವ 60 ರೂಪಾಯಿಯ ಮೇಲಲ್ಲ. ಬೇಕಾದರೆ ಅವನು ಇಂದೇ ಮಾರಿ 100 ರೂಪಾಯಿ ಎತ್ತಿಕೊಳ್ಳಬಲ್ಲ. ಷೇರುಪೇಟೆಯಲ್ಲಿ ಇಲ್ಲದ ಕಂಪನಿಗಳಿಗೆ ಇದು ಕಷ್ಟದ ಕೆಲಸ. ಅಲ್ಲಿ ಅದೇ ಉದ್ಯಮದ, ಪೇಟೆಯಲ್ಲಿರುವ ಕಂಪನಿಗಳ ಸಾಲ–ಈಕ್ವಿಟಿ ಅನುಪಾತವನ್ನೋ, ಕಂಪನಿ ತಾನೇ ಗುರಿಯಾಗಿಟ್ಟುಕೊಂಡ ಅನುಪಾತವನ್ನೋ ಬಳಸುತ್ತಾರೆ.

ಒಂದು ಯಂತ್ರ, ಮೂರು ಉತ್ತರ

ಶೇ 11.54 ಮತ್ತು ಶೇ 10.68ರ ನಡುವಿನ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಾಣಬಹುದು. ಆದರೆ ನಿರ್ಧಾರ ಅದರ ಮೇಲೆಯೇ ನಿಂತಿರುತ್ತದೆ. ಕಂಪನಿ 5 ಕೋಟಿ ಕೊಟ್ಟು ಹೊಸ ಯಂತ್ರವೊಂದನ್ನು ತರಬೇಕೆಂದಿದೆ. ಐದು ವರ್ಷ, ವರ್ಷಕ್ಕೆ 1 ಕೋಟಿ 35 ಲಕ್ಷ ನಗದು ತೆರಿಗೆಯ ನಂತರ ಕೈಗೆ ಬರುತ್ತದೆ, ಕೊನೆಗೆ ಗುಜರಿ ಬೆಲೆ ಇಲ್ಲ ಎಂದುಕೊಳ್ಳೋಣ. ಮುಂದೆ ಬರುವ ಹಣವನ್ನು ಬಂಡವಾಳ ವೆಚ್ಚದ ದರದಲ್ಲಿ ಇಳಿಸಿ ಇಂದಿನ ಮೌಲ್ಯಕ್ಕೆ ತಂದಾಗ ಅದು 5 ಕೋಟಿ ದಾಟಿದರೆ ಯಂತ್ರ ತರಬಹುದು, ದಾಟದಿದ್ದರೆ ತರಬಾರದು.

ಶೇ 11.54ರಲ್ಲಿ ಇಳಿಸಿದರೆ ಇಂದಿನ ಮೌಲ್ಯ ಸುಮಾರು 4 ಕೋಟಿ 92 ಲಕ್ಷ. ಯಂತ್ರದಿಂದ 8 ಲಕ್ಷದಷ್ಟು ನಷ್ಟ. ಪುಸ್ತಕ ಮೌಲ್ಯದ ಪಾಲು ಹಿಡಿದ ಶೇ 10.68ರಲ್ಲಿ ಸುಮಾರು 5 ಕೋಟಿ 3 ಲಕ್ಷ. ಅದೇ ಯಂತ್ರ 3 ಲಕ್ಷ ಲಾಭ ತರುವಂತೆ ತೋರುತ್ತದೆ. ‘ಯಂತ್ರಕ್ಕೆ ಬ್ಯಾಂಕು ಸಾಲ ಕೊಡುತ್ತಿದೆ, ಆದ್ದರಿಂದ ಸಾಲದ ವೆಚ್ಚವೇ ಸಾಕು’ ಎಂದು ಶೇ 7.48 ಹಿಡಿದರೆ ಸುಮಾರು 5 ಕೋಟಿ 46 ಲಕ್ಷ; ಲಾಭ 46 ಲಕ್ಷಕ್ಕೆ ಹಾರುತ್ತದೆ. ಯಂತ್ರದ ನಿಜವಾದ ವಾರ್ಷಿಕ ಪ್ರತಿಫಲ ಸುಮಾರು ಶೇ 10.9. ಅದು ಮೂರೂ ಲೆಕ್ಕಗಳಲ್ಲಿ ಒಂದೇ. ಬದಲಾದದ್ದು ಅಳತೆಗೋಲು ಮಾತ್ರ.

ಮೂರನೆಯ ತಪ್ಪು ಅತ್ಯಂತ ಸಹಜವಾಗಿ ಆಗುವಂಥದ್ದು. ಈ ಯಂತ್ರಕ್ಕೆ ಸಾಲ ಸಿಕ್ಕಿತು ನಿಜ. ಆದರೆ ಬ್ಯಾಂಕು ಧೈರ್ಯದಿಂದ ಸಾಲ ಕೊಟ್ಟದ್ದು ಕಂಪನಿಯ ಕೆಳಗೆ 50 ಕೋಟಿ ಈಕ್ವಿಟಿಯ ಆಸರೆ ಇದ್ದುದರಿಂದ. ಇಂದು ಸಾಲ ತೆಗೆದುಕೊಂಡ ಕಂಪನಿ ನಾಳೆ ಅನುಪಾತ ಸರಿದೂಗಿಸಲು ಈಕ್ವಿಟಿ ತರಬೇಕಾಗುತ್ತದೆ. ಆಗ ಬರುವ ಯೋಜನೆ ಶೇ 14 ಗಳಿಸುತ್ತಿದ್ದರೂ ಶೇ 15ರ ಅಳತೆಯಲ್ಲಿ ತಿರಸ್ಕಾರವಾಗುತ್ತದೆ. ಶೇ 10.9 ಗಳಿಸುವುದನ್ನು ಒಪ್ಪಿಕೊಂಡು ಶೇ 14 ಗಳಿಸುವುದನ್ನು ಕೈಬಿಟ್ಟಂತಾಗುತ್ತದೆ. ಎಲ್ಲ ಯೋಜನೆಗಳಿಗೂ ಮಿಶ್ರಣದ ಬೆಲೆಯನ್ನೇ ಹಿಡಿಯುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ಎಚ್ಚರ ಬೇಕು. ಯಂತ್ರದಿಂದ ಬರುವ 1 ಕೋಟಿ 35 ಲಕ್ಷದಲ್ಲಿ ಬ್ಯಾಂಕಿನ ಬಡ್ಡಿಯನ್ನು ಕಳೆಯಬಾರದು. ಬಡ್ಡಿಯಿಂದ ಉಳಿಯುವ ತೆರಿಗೆಯನ್ನು ಅದಕ್ಕೆ ಸೇರಿಸಲೂ ಬಾರದು. ಸಾಲವೇ ಇಲ್ಲವೆಂಬಂತೆ ತೆರಿಗೆ ಕಳೆದು ನಗದನ್ನು ಲೆಕ್ಕ ಹಾಕಬೇಕು. ಬಡ್ಡಿಯೂ ಅದರ ಟ್ಯಾಕ್ಸ್ ಶೀಲ್ಡೂ ಶೇ 11.54 ಎಂಬ ದರದೊಳಗೆ ಆಗಲೇ ಸೇರಿಕೊಂಡಿವೆ. ನಗದಿನಲ್ಲೂ ದರದಲ್ಲೂ ಅದೇ ರಿಯಾಯಿತಿಯನ್ನು ತೋರಿಸಿದರೆ ಒಂದೇ ಉಳಿತಾಯವನ್ನು ಎರಡು ಸಲ ಎಣಿಸಿದಂತೆ. ಯೋಜನಾ ವರದಿಯ ನಗದು ಪಟ್ಟಿಯಲ್ಲಿ ‘ಬಡ್ಡಿ’ ಎಂಬ ಸಾಲು ಕಂಡರೆ, ಕೆಳಗೆ ವ್ಯಾಕ್ ದರದಲ್ಲಿ ಮೌಲ್ಯ ಇಳಿಸಿದ್ದರೆ, ಅಲ್ಲಿ ತಪ್ಪಾಗಿದೆ ಎಂದು ತಿಳಿಯಬಹುದು.

ಸಾಲ ಹೆಚ್ಚಿಸುತ್ತ ಹೋದರೆ?

ಸಾಲ ಶೇ 7.48ಕ್ಕೆ ಸಿಗುವಾಗ ಶೇ 15ರ ಈಕ್ವಿಟಿ ಯಾಕೆ, ಎಲ್ಲವನ್ನೂ ಸಾಲದಿಂದಲೇ ನಡೆಸಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರದ ಬುನಾದಿ ಹಾಕಿದವರು ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್. ಇಬ್ಬರಿಗೂ ಮುಂದೆ ಅರ್ಥಶಾಸ್ತ್ರದ ನೊಬೆಲ್ ಬಂತು, ಮೊಡಿಗ್ಲಿಯಾನಿ ಅವರಿಗೆ 1985ರಲ್ಲಿ, ಮಿಲ್ಲರ್ ಅವರಿಗೆ 1990ರಲ್ಲಿ. 1958ರ ಅವರ ಪ್ರಬಂಧದ ವಾದ ಹೀಗಿತ್ತು: ತೆರಿಗೆ, ದಿವಾಳಿಯ ವೆಚ್ಚ ಮೊದಲಾದವು ಇಲ್ಲದ ಪೇಟೆಯಲ್ಲಿ ಸಾಲ ಹೆಚ್ಚಿಸಿದರೂ ಒಟ್ಟು ಬಂಡವಾಳದ ವೆಚ್ಚ ಬದಲಾಗದು. ಅಗ್ಗದ ಸಾಲ ಹೆಚ್ಚಾದಷ್ಟೂ ಈಕ್ವಿಟಿ ಷೇರುದಾರನ ಅಪಾಯ ಏರುತ್ತದೆ, ಅವನು ಬಯಸುವ ದರ ಏರಿ ಆ ಲಾಭವನ್ನು ನುಂಗಿಬಿಡುತ್ತದೆ. 1963ರಲ್ಲಿ ಅವರೇ ತಮ್ಮ ಲೆಕ್ಕವನ್ನು ತಿದ್ದಿ, ಕಂಪನಿ ತೆರಿಗೆ ಇರುವಾಗ ಬಡ್ಡಿಯ ಟ್ಯಾಕ್ಸ್ ಶೀಲ್ಡ್ ಕಂಪನಿಯ ಮೌಲ್ಯವನ್ನು ಹೆಚ್ಚಿಸುತ್ತದೆ ಎಂದು ತೋರಿಸಿದರು. ಅಂದರೆ ಸಾಲದಿಂದ ಸಿಗುವ ನಿಜವಾದ ಲಾಭ ಶೇ 15 ಮತ್ತು ಶೇ 10ರ ನಡುವಿನ ಅಂತರವಲ್ಲ. ತೆರಿಗೆಯಲ್ಲಿ ಉಳಿಯುವ ಹಣ ಮಾತ್ರ.

ಆ ಲಾಭಕ್ಕೂ ಮಿತಿಯಿದೆ. ಉದಾಹರಣೆಯ ಕಂಪನಿ ಸಾಲದ ಪಾಲನ್ನು ಶೇ 60ಕ್ಕೆ ಏರಿಸಿ ಈಕ್ವಿಟಿಯನ್ನು ಶೇ 30ಕ್ಕೆ ಇಳಿಸಿತು ಎಂದಿಟ್ಟುಕೊಳ್ಳೋಣ. ಹೆಚ್ಚಿದ ಅಪಾಯ ಕಂಡ ಬ್ಯಾಂಕು ಶೇ 11.5 ಬಡ್ಡಿ ಕೇಳುತ್ತದೆ, ಆದ್ಯತಾ ಷೇರುದಾರರು ಶೇ 12, ಈಕ್ವಿಟಿ ಷೇರುದಾರರು ಶೇ 19 ಬಯಸುತ್ತಾರೆ. ಸಾಲದ ವೆಚ್ಚ ತೆರಿಗೆಯ ನಂತರ ಶೇ 8.61. ಪಾಲಿಗೆ ತಕ್ಕಂತೆ ಕೂಡಿದರೆ ವ್ಯಾಕ್ ಶೇ 12.06. ಅಗ್ಗದ ಹಣವನ್ನು ಹೆಚ್ಚಿಸಿದ ಮೇಲೂ ಸರಾಸರಿ ಇಳಿಯುವ ಬದಲು ಏರಿತು. ಹಳೆಯ ದರಗಳನ್ನೇ ಇಟ್ಟುಕೊಂಡು ಪಾಲುಗಳನ್ನು ಮಾತ್ರ ಬದಲಿಸಿ ‘ಸಾಲ ಹೆಚ್ಚಿಸಿದರೆ ವ್ಯಾಕ್ ಇಳಿಯುತ್ತದೆ’ ಎಂದು ತೋರಿಸುವ ಕೋಷ್ಟಕಗಳನ್ನು ನಂಬಬಾರದು.

ಗುರಾಣಿ ಕೈಕೊಡುವ ಸಂದರ್ಭಗಳು

ಟ್ಯಾಕ್ಸ್ ಶೀಲ್ಡ್ ಕೆಲಸ ಮಾಡುವುದು ತೆರಿಗೆ ಕಟ್ಟುವಷ್ಟು ಲಾಭ ಇದ್ದಾಗ ಮಾತ್ರ. ಒಂದು ವರ್ಷ ವ್ಯಾಪಾರ ಕುಸಿದು ಬಡ್ಡಿಗೆ ಮುಂಚಿನ ಲಾಭ 13 ಕೋಟಿಯಿಂದ 3 ಕೋಟಿಗೆ ಇಳಿದರೆ, 4 ಕೋಟಿ ಬಡ್ಡಿಯಲ್ಲಿ ತೆರಿಗೆ ಉಳಿಸುವುದು 3 ಕೋಟಿಯಷ್ಟೇ. ಉಳಿತಾಯ 75 ಲಕ್ಷದ ಆಸುಪಾಸು. ಆ ವರ್ಷ ಸಾಲದ ವೆಚ್ಚ ಶೇ 7.48 ಅಲ್ಲ, ಶೇ 8.11. ಉಳಿದ 1 ಕೋಟಿ ನಷ್ಟವನ್ನು ಮುಂದಿನ ಎಂಟು ವರ್ಷಗಳ ವ್ಯವಹಾರದ ಲಾಭದಲ್ಲಿ ಹೊಂದಿಸಿಕೊಳ್ಳಲು ಅವಕಾಶವಿದೆ. ಆದರೆ ಮುಂದೆ ಸಿಗುವ ಉಳಿತಾಯ ಇಂದಿನ ಉಳಿತಾಯಕ್ಕೆ ಸಮನಲ್ಲ. ವರ್ಷಗಟ್ಟಲೆ ನಷ್ಟದಲ್ಲಿರುವ ಕಂಪನಿಗೆ ಸಾಲದ ವೆಚ್ಚವನ್ನು ತೆರಿಗೆಯಿಂದ ಇಳಿಸಿ ಬರೆಯುವುದೇ ತಪ್ಪು.

ಬ್ಯಾಂಕುಗಳಿಗೆ ಕೊಡಬೇಕಾದ ಬಡ್ಡಿಯ ವಿಷಯದಲ್ಲಿ ಇನ್ನೊಂದು ನಿಯಮವಿದೆ. ಪುಸ್ತಕದಲ್ಲಿ ಬರೆದುಕೊಂಡ ಮಾತ್ರಕ್ಕೆ ಅದು ಕಳೆಯುವುದಿಲ್ಲ, ನಿಜವಾಗಿ ಕಟ್ಟಿರಬೇಕು. ಕಟ್ಟದ ಬಡ್ಡಿಯನ್ನು ಹೊಸ ಸಾಲವಾಗಿ ಪರಿವರ್ತಿಸಿದರೂ ಅದನ್ನು ಕಟ್ಟಿದಂತೆ ಎಣಿಸುವುದಿಲ್ಲ.

ತೆರಿಗೆ ದರ ಇಳಿದರೂ ಗುರಾಣಿ ತೆಳುವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಶೇ 30 ಮೂಲ ತೆರಿಗೆ, ಶೇ 12 ಸರ್ಚಾರ್ಜ್, ಶೇ 4 ಸೆಸ್ ಸೇರಿ ಶೇ 34.944 ಕಟ್ಟುತ್ತಿದ್ದ ದೊಡ್ಡ ಕಂಪನಿಗೆ ಶೇ 10ರ ಸಾಲ ತೆರಿಗೆಯ ನಂತರ ಶೇ 6.51ಕ್ಕೆ ಬೀಳುತ್ತಿತ್ತು. ಶೇ 25.168ರ ಪದ್ಧತಿಗೆ ಬದಲಾದ ಮೇಲೆ ಅದೇ ಸಾಲ ಶೇ 7.48. ತೆರಿಗೆ ಇಳಿದದ್ದು ಒಟ್ಟಿನಲ್ಲಿ ಕಂಪನಿಗೆ ಒಳ್ಳೆಯದೇ, ಕೈಯಲ್ಲಿ ಉಳಿಯುವ ಲಾಭ ಹೆಚ್ಚುತ್ತದೆ. ಆದರೆ ಈಕ್ವಿಟಿಯ ಎದುರು ಸಾಲಕ್ಕಿದ್ದ ಮೇಲುಗೈ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ದೇವನಹಳ್ಳಿಯ ಲೆಕ್ಕ

ಈ ದರದ ಪರಿಣಾಮ ಕಂಪನಿಯ ಗೋಡೆಯೊಳಗೇ ನಿಲ್ಲುವುದಿಲ್ಲ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಂತಹ ದೊಡ್ಡ ನಿಲ್ದಾಣಗಳು ಪ್ರಯಾಣಿಕರಿಂದ ಪಡೆಯುವ ಬಳಕೆದಾರ ಶುಲ್ಕವನ್ನು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡುತ್ತದೆ. ನಿಲ್ದಾಣದಲ್ಲಿ ತೊಡಗಿಸಿದ ಹಣಕ್ಕೆ ಎಷ್ಟು ಪ್ರತಿಫಲ ನ್ಯಾಯ ಎಂದು ತೀರ್ಮಾನಿಸಲು ಪ್ರಾಧಿಕಾರ ಬಳಸುವುದು ಸಾಲ ಮತ್ತು ಈಕ್ವಿಟಿಯ ತೂಕಿತ ಸರಾಸರಿಯನ್ನೇ. ಆದರೆ ಅಲ್ಲಿ ಸಾಲದ ದರವನ್ನು ತೆರಿಗೆಯಿಂದ ಇಳಿಸುವುದಿಲ್ಲ. ನಿಲ್ದಾಣ ಕಟ್ಟುವ ಆದಾಯ ತೆರಿಗೆಯನ್ನು ಪ್ರತ್ಯೇಕ ಬಾಬಾಗಿ ಲೆಕ್ಕಕ್ಕೆ ಸೇರಿಸುತ್ತಾರೆ, ಬಡ್ಡಿಯಿಂದ ಉಳಿದ ತೆರಿಗೆ ಆ ಬಾಬಿನಲ್ಲೇ ಕಡಿಮೆಯಾಗಿ ಕಾಣಿಸಿಕೊಳ್ಳುತ್ತದೆ. ದರದಲ್ಲೂ ಇಳಿಸಿದರೆ ಮತ್ತೆ ಎರಡು ಸಲ ಎಣಿಸಿದಂತಾಗುತ್ತದೆ. ಟ್ಯಾಕ್ಸ್ ಶೀಲ್ಡ್ ಎಲ್ಲಾದರೂ ಒಂದು ಕಡೆ ಬರಬೇಕು, ಒಂದೇ ಕಡೆ ಬರಬೇಕು.

ಹಾಗೆಯೇ ವ್ಯಾಕ್ ಕಂಪನಿಯ ಎಲ್ಲ ಕೆಲಸಕ್ಕೂ ಒಪ್ಪುವ ದರವಲ್ಲ. ಬಿಡಿಭಾಗ ಮಾಡುವ ಕಾರ್ಖಾನೆ ನಾಳೆ ಸಾಫ್ಟ್‌ವೇರ್ ಉದ್ಯಮಕ್ಕೆ ಕೈಹಾಕಿದರೆ ಅದಕ್ಕೆ ಶೇ 11.54 ಅಳತೆಯಾಗದು, ಆ ಉದ್ಯಮದ ಅಪಾಯಕ್ಕೆ ತಕ್ಕ ಬೇರೆ ದರ ಬೇಕು. ಈಗಿನ ವ್ಯವಹಾರದಷ್ಟೇ ಅಪಾಯದ, ಈಗಿನಂತೆಯೇ ಹಣ ಹೊಂದಿಸಿಕೊಳ್ಳುವ ಕೆಲಸಗಳಿಗೆ ಮಾತ್ರ ಇದು ಸರಿಹೊಂದುತ್ತದೆ.

ಯಾವುದೇ ವ್ಯಾಕ್ ಅಂಕಿ ಮುಂದೆ ಬಂದಾಗ ನಾಲ್ಕು ವಿಷಯ ನೋಡಿದರೆ ಅದು ನೆಚ್ಚಬಹುದಾದ್ದೇ ಎಂದು ಗೊತ್ತಾಗುತ್ತದೆ. ತೆರಿಗೆಯ ರಿಯಾಯಿತಿಯನ್ನು ಸಾಲಕ್ಕೆ ಮಾತ್ರ ಕೊಟ್ಟಿರಬೇಕು. ಆ ರಿಯಾಯಿತಿ ದಕ್ಕುವಷ್ಟು ಲಾಭ ಕಂಪನಿಗೆ ಇರಬೇಕು. ಪಾಲುಗಳನ್ನು ಪೇಟೆಯ ಮೌಲ್ಯದಲ್ಲಿ ಅಳೆದಿರಬೇಕು. ಈಕ್ವಿಟಿಗೆ ಸಾಲಕ್ಕಿಂತ ಹೆಚ್ಚಿನ ದರ ಹಿಡಿದಿರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ 5 ಕೋಟಿಯ ಯಂತ್ರದ ವಿಷಯದಲ್ಲಿ ಆದಂತೆ, ನಷ್ಟದ ಯೋಜನೆ ಲಾಭದ್ದಾಗಿ ಕಾಣಿಸಿಕೊಳ್ಳುತ್ತದೆ.